ಎಂಡೋಸ್ಕೋಪಿ ರಿಪೋರ್ಟನ್ನು ರೋಗಿಗೆ ಬಿಡಿಸಿ ಹೇಳುವುದು ಹೇಗೆ?

ರಿಪೋರ್ಟಿನ ಕೊನೆಯಲ್ಲಿ ಮೂರು ಸಾಲು ಇರುತ್ತದೆ. ಆಂಟ್ರಲ್ ಗ್ಯಾಸ್ಟ್ರೈಟಿಸ್. ಡಿಯೋಡಿನಲ್ ಅಲ್ಸರ್, ಫಾರೆಸ್ಟ್ 3. ಆರ್‌ಯುಟಿ ಪಾಸಿಟಿವ್. ಓದಿದವರಿಗೆ ಒಂದೇ ಸಲ ಮೂರು ಕಾಯಿಲೆ ಅಂಟಿಕೊಂಡ ಹಾಗೆ ಅನ್ನಿಸುತ್ತದೆ. ಆದರೆ ಬಹಳ ಸಲ ಇವು ಮೂರೂ ಒಂದೇ ಕಾಯಿಲೆಯ ಮೂರು ಮುಖ. ಹೊಸದಾಗಿ ಕೆಲಸಕ್ಕೆ ಬಂದ ಡಾಕ್ಟರು, ನರ್ಸು, ಮನೆಯಲ್ಲಿ ರಿಪೋರ್ಟ್ ಓದಿ ಹೇಳಬೇಕಾದವರು, ಎಲ್ಲರಿಗೂ ಅನುಕೂಲವಾಗಲಿ ಅಂತ ನಾನು ಹೇಳುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬ ರೋಗಿಯನ್ನು ಇಟ್ಟುಕೊಳ್ಳೋಣ. 46 ವರ್ಷ. ಎರಡು ತಿಂಗಳಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ನೋವು. ರಾತ್ರಿ ಎರಡು ಗಂಟೆಗೆ ನೋವಿಗೇ ಎಚ್ಚರವಾಗುತ್ತದೆ, ಏನಾದರೂ ತಿಂದರೆ ಸ್ವಲ್ಪ ಕಡಿಮೆ. ಮಂಡಿ ನೋವಿಗೆ ಆಗಾಗ ನೋವಿನ ಮಾತ್ರೆ ನುಂಗುತ್ತಿದ್ದರು. ಅವರ ರಿಪೋರ್ಟಿನಲ್ಲಿ ಇದ್ದದ್ದು ಈ ಮೂರು ಸಾಲು.

ಮೊದಲು, ಸಮಯ ನೋಡಿ

ನಿದ್ದೆಯ ಇಂಜೆಕ್ಷನ್ ಕೊಟ್ಟು ಎಂಡೋಸ್ಕೋಪಿ ಮಾಡಿದ್ದರೆ ಆ ಗಳಿಗೆಯಲ್ಲಿ ಏನೂ ವಿವರಿಸಬೇಡಿ. ರೋಗಿ ಕಣ್ಣು ಬಿಟ್ಟಿರುತ್ತಾರೆ, ತಲೆ ಆಡಿಸುತ್ತಾರೆ, "ಸರಿ ಡಾಕ್ಟ್ರೇ" ಅಂತಲೂ ಅನ್ನುತ್ತಾರೆ. ಮನೆಗೆ ಹೋದ ಮೇಲೆ ಒಂದಕ್ಷರವೂ ನೆನಪಿರುವುದಿಲ್ಲ. ಆ ಔಷಧಿಯ ಗುಣವೇ ಅದು. ಪೂರ್ತಿ ಎಚ್ಚರವಾಗುವ ತನಕ ಕಾಯಿರಿ, ಜೊತೆಗೆ ಬಂದವರನ್ನೂ ಒಳಗೆ ಕರೆಯಿರಿ, ಮುಖ್ಯವಾದದ್ದನ್ನು ಕಾಗದದ ಮೇಲೆ ಬರೆದು ಕೊಡಿ.

ಅವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಮೊದಲ ಉತ್ತರ

ಕೇಳಲಿ ಬಿಡಲಿ, ಎಲ್ಲರ ಮನಸ್ಸಿನಲ್ಲೂ ಇರುವುದು ಒಂದೇ ಪ್ರಶ್ನೆ: ಕ್ಯಾನ್ಸರ್ ಇದೆಯಾ? ಅದಕ್ಕೆ ಉತ್ತರ ಸಿಗುವವರೆಗೆ ಮಿಕ್ಕ ಮಾತು ಕಿವಿಗೆ ಬೀಳುವುದಿಲ್ಲ. ನಮ್ಮ ರೋಗಿಗೆ ಹೀಗೆ ಹೇಳಬಹುದು: "ಹುಣ್ಣು ಇರೋದು ಜಠರದಲ್ಲಲ್ಲ, ಅದು ಮುಗಿದು ಸಣ್ಣ ಕರುಳು ಶುರುವಾಗುವ ಜಾಗದಲ್ಲಿ. ಅಲ್ಲಿನ ಹುಣ್ಣು ಕ್ಯಾನ್ಸರ್ ಆಗಿರೋದು ಬಹಳ ಅಪರೂಪ."

ಹುಣ್ಣು ಜಠರದಲ್ಲೇ ಇದ್ದರೆ ಮಾತ್ರ ಇಷ್ಟು ಧೈರ್ಯವಾಗಿ ಹೇಳಬಾರದು. ಅದರ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಕೆಲವು ವಾರಗಳ ನಂತರ ಹುಣ್ಣು ಮಾಗಿದೆಯಾ ಅಂತ ಮತ್ತೊಮ್ಮೆ ನೋಡುತ್ತಾರೆ. ಆಗ ಹೇಳಬೇಕಾದದ್ದು "ನೋಡಿದರೆ ಸಾಮಾನ್ಯ ಹುಣ್ಣಿನ ಹಾಗಿದೆ, ಬಯಾಪ್ಸಿ ಬಂದ ಮೇಲೆ ಖಚಿತವಾಗಿ ಹೇಳ್ತೇನೆ" ಅಂತ. "ಏನೂ ಇಲ್ಲ ಬಿಡಿ" ಅಂದರೆ ರೋಗಿ ಎರಡನೇ ಪರೀಕ್ಷೆಗೆ ಬರುವುದೇ ಇಲ್ಲ.

ಗ್ಯಾಸ್ಟ್ರೈಟಿಸ್ ಅಂದರೆ ಗ್ಯಾಸ್ ಅಲ್ಲ

ನಮ್ಮಲ್ಲಿ ಹೊಟ್ಟೆ ಉಬ್ಬರಿಸಿದರೂ ತೇಗು ಬಂದರೂ ಎದೆ ಉರಿದರೂ "ಗ್ಯಾಸ್ಟ್ರಿಕ್" ಅಂತಲೇ ಹೇಳುವುದು. ಹಾಗಾಗಿ ಗ್ಯಾಸ್ಟ್ರೈಟಿಸ್ ಅಂದ ಕೂಡಲೇ ಕೇಳಿದವರಿಗೆ ಗ್ಯಾಸ್ ಅಂತಲೇ ಅರ್ಥವಾಗುತ್ತದೆ. ಇದನ್ನು ಅಲ್ಲೇ ಬಿಡಿಸಬೇಕು. ಗ್ಯಾಸ್ಟ್ರೈಟಿಸ್ ಅಂದರೆ ಜಠರದ ಒಳಪದರ ಕೆರಳಿರುವುದು, ಅಂದರೆ ಉರಿಯೂತ. ಆಂಟ್ರಲ್ ಅಂದರೆ ಜಠರದ ಕೆಳತುದಿಯಲ್ಲಿ, ಅಷ್ಟೇ.

ನಾನು ಚರ್ಮದ ಹೋಲಿಕೆ ಕೊಡುತ್ತೇನೆ. ಉಜ್ಜಿ ಉಜ್ಜಿ ಚರ್ಮ ಕೆಂಪಾದರೆ ಅದು ಗ್ಯಾಸ್ಟ್ರೈಟಿಸ್. ಮೇಲ್ಪದರ ತರಚಿದರೆ ರಿಪೋರ್ಟಿನಲ್ಲಿ ಎರೋಷನ್ ಅಂತ ಬರೆಯುತ್ತಾರೆ. ಇನ್ನೂ ಆಳಕ್ಕೆ ಹೋಗಿ ಗುಳಿ ಬಿದ್ದರೆ ಅದು ಅಲ್ಸರ್, ಅಂದರೆ ಹುಣ್ಣು. ಇದು ಗಂಟಲ್ಲ, ಗೆಡ್ಡೆಯಲ್ಲ, ಗಾಯ ಅಂತ ಬಿಡಿಸಿ ಹೇಳಿ.

ಇನ್ನೊಂದು ವಿಷಯ. ಕ್ಯಾಮೆರಾದಲ್ಲಿ ಸ್ವಲ್ಪ ಕೆಂಪು ಕಂಡರೂ ಗ್ಯಾಸ್ಟ್ರೈಟಿಸ್ ಅಂತ ಬರೆಯುವುದುಂಟು. ಅದೇ ಜಾಗದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಸಲ ಉರಿಯೂತವೇ ಇರುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಇದೊಂದೇ ಪದ ಇದ್ದರೆ ಅದನ್ನು ದೊಡ್ಡದು ಮಾಡಿ ಹೆದರಿಸಬೇಡಿ.

ಹುಣ್ಣಿನ ಪಕ್ಕದ "ಫಾರೆಸ್ಟ್ 3" ನೋಡಿ, ಮೂರನೇ ಹಂತ ಅಂತ ಗಾಬರಿಯಾದವರಿದ್ದಾರೆ. ಇಲ್ಲಿ ಲೆಕ್ಕ ಉಲ್ಟಾ. ಫಾರೆಸ್ಟ್ 1 ಅಂದರೆ ಈಗಲೇ ರಕ್ತ ಬರುತ್ತಿದೆ. 2 ಅಂದರೆ ರಕ್ತ ಬಂದ ಗುರುತಿದೆ. 3 ಅಂದರೆ ಹುಣ್ಣಿನ ತಳ ಸ್ವಚ್ಛವಾಗಿದೆ, ರಕ್ತ ಬರುವ ಸಾಧ್ಯತೆ ಕಡಿಮೆ.

ಬ್ಯಾಕ್ಟೀರಿಯಾ: ನಿಧಾನವಾಗಿ ಹೇಳಬೇಕಾದ ಭಾಗ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಹಿಂದೆ ಒಬ್ಬರಿಗೆ "ಹೊಟ್ಟೆಯಲ್ಲಿ ಇನ್ಫೆಕ್ಷನ್ ಇದೆ, 14 ದಿನ ಮಾತ್ರೆ ತಗೊಳ್ಳಿ" ಅಂತಷ್ಟೇ ಹೇಳಿ ಕಳಿಸಿದ್ದೆ. ಮುಂದಿನ ಸಲ ಅವರ ಹೆಂಡತಿ ಬಂದು ಹೇಳಿದರು, ಅವರು ತಟ್ಟೆ ಲೋಟ ಬೇರೆ ಮಾಡಿಕೊಂಡು, ಮಕ್ಕಳನ್ನೂ ಹತ್ತಿರ ಸೇರಿಸದೆ ಕೂತಿದ್ದರಂತೆ. ನನಗೆ ತುಂಬಾ ಬೇಜಾರಾಯಿತು. ಎರಡು ನಿಮಿಷ ಜಾಸ್ತಿ ಮಾತಾಡಿದ್ದರೆ ಅವರಿಗೆ ಅಷ್ಟು ಸಂಕಟ ಇರುತ್ತಿರಲಿಲ್ಲ.

ಈಗ ಹೀಗೆ ಹೇಳುತ್ತೇನೆ. ಆರ್‌ಯುಟಿ ಪಾಸಿಟಿವ್ ಅಂದರೆ ಜಠರದಲ್ಲಿ ಒಂದು ಬ್ಯಾಕ್ಟೀರಿಯಾ ಇದೆ ಅಂತ. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ಬಹುತೇಕ ಮನೆಯವರಿಂದಲೇ ಬಂದು ಸೇರಿರುತ್ತದೆ. ನೀವು ನಿನ್ನೆ ತಂದುಕೊಂಡದ್ದಲ್ಲ. ಎಷ್ಟೋ ಜನರಿಗೆ ಏನೂ ತೊಂದರೆ ಕೊಡದೆ ಇದ್ದುಬಿಡುತ್ತದೆ. ಜಠರದ ಆಮ್ಲದಲ್ಲಿ ಬದುಕಲು ಅದು ಸುತ್ತಲೂ ಅಮೋನಿಯಾ ಮಾಡಿಕೊಳ್ಳುತ್ತದೆ. ಆರ್‌ಯುಟಿ ಪರೀಕ್ಷೆ ಹಿಡಿಯುವುದು ಅದನ್ನೇ: ಜಠರದ ಚೂರನ್ನು ಹಳದಿ ಬಣ್ಣದ ಕಿಟ್‌ನಲ್ಲಿಟ್ಟರೆ, ಬ್ಯಾಕ್ಟೀರಿಯಾ ಇದ್ದಾಗ ಅದು ಗುಲಾಬಿಯಾಗುತ್ತದೆ. ಆ ಕಿಟ್ ಅನ್ನೇ ರೋಗಿಗೆ ತೋರಿಸಿದರೆ ಅರ್ಧ ಮಾತು ಉಳಿಯುತ್ತದೆ.

ನೆಗೆಟಿವ್ ಬಂದರೆ ಒಂದು ಪ್ರಶ್ನೆ ಕೇಳಿ: ಹಿಂದಿನ ಎರಡು ವಾರದಲ್ಲಿ ಆಮ್ಲ ಕಡಿಮೆ ಮಾಡುವ ಮಾತ್ರೆ, ಒಂದು ತಿಂಗಳಲ್ಲಿ ಆ್ಯಂಟಿಬಯೋಟಿಕ್ ತಗೊಂಡಿದ್ದೀರಾ? ತಗೊಂಡಿದ್ದರೆ ಬ್ಯಾಕ್ಟೀರಿಯಾ ಅಡಗಿಕೊಂಡಿರಬಹುದು.

"ಟೆನ್ಷನ್‌ಗೆ ಬಂತಾ ಡಾಕ್ಟ್ರೇ, ಖಾರ ತಿಂದದ್ದಕ್ಕಾ?" ಅಂತ ಕೇಳುತ್ತಾರೆ. ಮೊದಲು ಡಾಕ್ಟರುಗಳೂ ಹಾಗೇ ನಂಬಿದ್ದರು. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಗ್ಯಾಸ್ಟ್ರೈಟಿಸ್ ಬರಿಸಿಕೊಂಡು ತೋರಿಸಿದರು. ಅವರಿಗೂ ಜೊತೆಗೆ ಈ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಖಾರದಿಂದ ಉರಿ ಜಾಸ್ತಿ ಆಗಬಹುದು, ಆದರೆ ಹುಣ್ಣಿಗೆ ಮೂಲ ಅದಲ್ಲ. ನಮ್ಮ ರೋಗಿಯಲ್ಲಿ ಬ್ಯಾಕ್ಟೀರಿಯಾ ಒಂದು ಕಾರಣ, ನೋವಿನ ಮಾತ್ರೆ ಇನ್ನೊಂದು. ಎರಡೂ ಸೇರಿದಾಗ ಅಪಾಯ ಹೆಚ್ಚು. ಆದರೆ ಹೃದಯಕ್ಕೆ ಆಸ್ಪಿರಿನ್ ತಗೊಳ್ಳುವವರು ಇದನ್ನು ಕೇಳಿ ತಾವಾಗೇ ನಿಲ್ಲಿಸಬಾರದು.

ಕೊನೆಗೆ, ಮಾತ್ರೆ ಮತ್ತು ತಾರೀಖು

ಸಾಮಾನ್ಯವಾಗಿ 14 ದಿನ, ಎರಡು ಆ್ಯಂಟಿಬಯೋಟಿಕ್, ಜೊತೆಗೆ ಆಮ್ಲ ಕಡಿಮೆ ಮಾಡುವ ಮಾತ್ರೆ. ಕೆಲವರಿಗೆ ಬಿಸ್ಮತ್ ಕೂಡ. ಕೆಲವೇ ದಿನಕ್ಕೆ ಉರಿ ನಿಲ್ಲುತ್ತದೆ, ಅಲ್ಲೇ ಬಹಳ ಜನ ಮಾತ್ರೆ ಬಿಡುವುದು. ಉರಿ ನಿಂತದ್ದು ಆಮ್ಲ ತಗ್ಗಿದ್ದಕ್ಕೆ, ಬ್ಯಾಕ್ಟೀರಿಯಾ ಇನ್ನೂ ಒಳಗೇ ಇರುತ್ತದೆ ಅಂತ ಮೊದಲೇ ಹೇಳಿಡಿ. ಬಾಯಿ ಕಹಿಯಾಗಬಹುದು. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ, ತಲೆ ಸುತ್ತಿದರೆ, ರಕ್ತ ವಾಂತಿಯಾದರೆ ಅವತ್ತೇ ಆಸ್ಪತ್ರೆಗೆ ಬರಬೇಕು.

ಬ್ಯಾಕ್ಟೀರಿಯಾ ಹೋಯಿತೋ ಇಲ್ಲವೋ ಅಂತ ನೋಡಲು ಉಸಿರಿನ ಅಥವಾ ಮಲದ ಪರೀಕ್ಷೆ ಇದೆ. ರಕ್ತದ ಪರೀಕ್ಷೆ ಇದಕ್ಕೆ ಆಗದು, ವಾಸಿಯಾದ ಮೇಲೂ ಅದು ಪಾಸಿಟಿವ್ ಆಗಿಯೇ ಉಳಿಯಬಹುದು. ನಮ್ಮ ರೋಗಿ ಮಾರ್ಚ್ 1ಕ್ಕೆ ಶುರು ಮಾಡಿ 14ಕ್ಕೆ ಮುಗಿಸಬೇಕಿತ್ತು. ಅಲ್ಲಿಂದ ನಾಲ್ಕು ವಾರ ಅಂದರೆ ಏಪ್ರಿಲ್ 11ರ ನಂತರ ಪರೀಕ್ಷೆ. ಅದಕ್ಕೆ ಎರಡು ವಾರ ಮೊದಲೇ ಆಮ್ಲದ ಮಾತ್ರೆಯೂ ನಿಂತಿರಬೇಕು.

ಎಲ್ಲ ಹೇಳಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಮನೆಯಲ್ಲಿ ಕೇಳಿದರೆ ಏನಂತ ಹೇಳ್ತೀರಿ?" ಅಂತ ಕೇಳಿ. ನಮ್ಮ ರೋಗಿ ಹೇಳಿದ್ದು ಇಷ್ಟು: "ಒಂದು ಹುಳ ಇದೆ, ಅದೂ ಮಂಡಿ ಮಾತ್ರೆಯೂ ಸೇರಿ ಗಾಯ ಮಾಡಿವೆ. ಕ್ಯಾನ್ಸರ್ ಅಲ್ಲ. 14 ದಿನ ಬಿಡದೆ ಮಾತ್ರೆ, ಏಪ್ರಿಲ್ 11ರ ಮೇಲೆ ಉಸಿರಿನ ಪರೀಕ್ಷೆ." ನಾನು ಆ ತಾರೀಖನ್ನು ರಿಪೋರ್ಟಿನ ಮೇಲೆ ದೊಡ್ಡದಾಗಿ ಬರೆದು ಕೊಟ್ಟೆ.