ಉದ್ದನೆಯ ಡಬ್ಬಿ ಕೇಳಿದ ಕಂಪನಿ

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ 40 ಕ್ವಿಂಟಲ್ ಡಬ್ಬಿ ಮೆಣಸಿನಕಾಯಿ ಇತ್ತು. ಬಾಡಿಗೆ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು, ದರ ಮಾತ್ರ ಏಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮುಂಬೈಯ ಒಂದು ಕಂಪನಿಯಿಂದ ವಾಟ್ಸಾಪ್ ಬಂತು. ಪೇಟೆ ದರಕ್ಕಿಂತ ಕ್ವಿಂಟಲಿಗೆ 6,000 ರೂಪಾಯಿ ಹೆಚ್ಚು ಕೊಡುತ್ತೇವೆ, ಪೂರ್ತಿ ಮಾಲು ನಮಗೇ ಬೇಕು ಅಂತ. ಒಟ್ಟು 2,40,000 ರೂಪಾಯಿ ಹೆಚ್ಚಿಗೆ. ಅವತ್ತು ರಾತ್ರಿ ಆ ಲೆಕ್ಕವನ್ನು ನಾನು ಮತ್ತೆ ಮತ್ತೆ ಹಾಕಿದೆ.

ಅಪ್ಪಾರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಸ್ಯಾಂಪಲ್ ಯಾವಾಗ ಕಳಸಂದ್ರು?"

ಕಳಿಸು ಅಂದೇ ಇರಲಿಲ್ಲ.

"ಚೀಲದಾಗ ಕೈ ಹಾಕ್ಲಾರ್ದ ಮೆಣಸಿನಕಾಯಿ ತಗೊಳ್ಳೋ ಮನಷ್ಯಾನ್ನ ನಾ ಇನ್ನೂ ನೋಡಿಲ್ಲಪಾ" ಅಂದು ಅವರು ಊಟಕ್ಕೆ ಎದ್ದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಪೇಟೆಗೆ ಬರುವ ಖರೀದಿದಾರ ಮೊದಲು ಚೀಲದ ಒಳಗಿನಿಂದ ಹಿಡಿ ಕಾಯಿ ತೆಗೆಯುತ್ತಾನೆ, ಯಾಕೆಂದರೆ ಮೇಲಿನ ಕಾಯಿ ಯಾವಾಗಲೂ ಚಂದ ಇರುತ್ತದೆ. ಮುರಿದು ನೋಡುತ್ತಾನೆ. ಹಸಿ ಉಳಿದಿದ್ದರೆ ಕಾಯಿ ಬಾಗುತ್ತದೆ, ಮುರಿಯುವುದಿಲ್ಲ. ಅಂಥ ಮಾಲಿಗೆ ಬೂಸ್ಟು ಹಿಡಿಯುತ್ತದೆ, ಬಣ್ಣ ಇಳಿಯುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಖಾರ ಇದರಲ್ಲಿ ಕಡಿಮೆ. ಈ ಕಂಪನಿಯವನು ಬಣ್ಣ ಕೇಳಲಿಲ್ಲ, ತೇವ ಕೇಳಲಿಲ್ಲ.

ಮರುದಿನ ನಾನೇ ಫೋನ್ ಮಾಡಿದೆ. ಅವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಬೇಕಂತಲೇ ಕೇಳಿದೆ: "ಡಬ್ಬಿ ಉದ್ದನ್ನದು ಬೇಕೋ, ಎಂಥದಾದರೂ ನಡೀತದೋ?" ತಡವಿಲ್ಲದೆ ಉತ್ತರ ಬಂತು: ಉದ್ದನೆಯದೇ ಬೇಕು, ಎಕ್ಸ್‌ಪೋರ್ಟ್ ಮಾಲು. ಉದ್ದಕ್ಕೆ, ತೆಳ್ಳಗೆ, ಸುಕ್ಕು ಸುಕ್ಕಾಗಿ ಇರುವುದು ಕಡ್ಡಿ. ಡಬ್ಬಿ ಅಂದರೆ ಗಿಡ್ಡ, ದುಂಡಗೆ. ನಮ್ಮೂರಿನ ಹುಡುಗರೂ ಇದನ್ನು ಕಣ್ಣು ಮುಚ್ಚಿ ಹೇಳುತ್ತಾರೆ. 40 ಕ್ವಿಂಟಲ್ ಕೊಳ್ಳುವವನಿಗೆ ಗೊತ್ತಿರಲಿಲ್ಲ.

ಸಂಜೆ ಪರ್ಚೇಸ್ ಆರ್ಡರ್ ಬಂತು. ಬಣ್ಣದ ಲೆಟರ್‌ಹೆಡ್, ಸಿಕ್ಕಾ, ಸಹಿ, ಕೆಳಗೆ ಜಿಎಸ್‌ಟಿ ಸಂಖ್ಯೆ. ಆ ಸಂಖ್ಯೆಯ ಮುಂದೆ ನಾನು ಅರ್ಧ ಗಂಟೆ ಕೂತೆ. ಅದರಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ನಮ್ಮದು 29, ಮಹಾರಾಷ್ಟ್ರ 27. ಇವರ ಸಂಖ್ಯೆ 09 ರಿಂದ ಶುರುವಾಗಿತ್ತು, ಅದು ಉತ್ತರ ಪ್ರದೇಶ. ಮುಂದಿನ ಹತ್ತು ಅಕ್ಷರ ಪ್ಯಾನ್ ಸಂಖ್ಯೆ. ಪ್ಯಾನಿನ ನಾಲ್ಕನೆಯ ಅಕ್ಷರ ಕಂಪನಿಗೆ C, ಪಾಲುದಾರಿಕೆಗೆ F, ಒಬ್ಬ ವ್ಯಕ್ತಿಗೆ P. ಲೆಟರ್‌ಹೆಡ್ಡಿನಲ್ಲಿ 'ಪ್ರೈವೇಟ್ ಲಿಮಿಟೆಡ್' ಅಂತಿತ್ತು, ಪ್ಯಾನಿನಲ್ಲಿ P. ಒಬ್ಬನೇ ನಡೆಸುವ ಅಂಗಡಿಗೆ P ಇರುವುದು ಸರಿಯೇ, ಪ್ರೈವೇಟ್ ಲಿಮಿಟೆಡ್‌ಗೆ ಇರಲಾರದು.

gst.gov.in ನಲ್ಲಿ Search Taxpayer ಅಂತ ಇದೆ, ಲಾಗಿನ್ ಬೇಕಿಲ್ಲ. ಸಂಖ್ಯೆ ಹಾಕಿದೆ. ಬೇರೆ ಯಾರದೋ ಹೆಸರು ಬಂತು, ನೋಂದಣಿ ರದ್ದಾಗಿತ್ತು. ಇನ್ನೊಂದು ಮಾತು ಹೇಳಲೇಬೇಕು: ಇದೆಲ್ಲ ಸರಿಯಾಗಿ ಬಂದಿದ್ದರೂ ನಾನು ನಂಬುವಂತಿರಲಿಲ್ಲ. ನಿಜವಾದ ಕಂಪನಿಯ ಸಂಖ್ಯೆಯನ್ನೇ ಕದ್ದು ಲೆಟರ್‌ಹೆಡ್ಡಿಗೆ ಹಾಕಬಹುದು. ಆಗ ಅವರು ಕೊಟ್ಟ ನಂಬರಿಗಲ್ಲ, ಆ ಕಂಪನಿಯ ನಂಬರನ್ನು ನಾವೇ ಹುಡುಕಿ ಫೋನ್ ಮಾಡಿ ಕೇಳಬೇಕು.

ಮೂರನೆಯ ದಿನ ಹಣದ ಮಾತು ಬಂತು. ವೆಂಡರ್ ರಿಜಿಸ್ಟ್ರೇಷನ್‌ಗೆ 48,000 ರೂಪಾಯಿ ಡಿಪಾಸಿಟ್, ಮೊದಲ ಲಾರಿ ಇಳಿದ ಕೂಡಲೇ ವಾಪಸ್. ಸಂಜೆ ಐದರೊಳಗೆ ಹಾಕದಿದ್ದರೆ ಆರ್ಡರ್ ಬೇರೆಯವರಿಗೆ. ಖಾತೆ ಕಂಪನಿಯ ಹೆಸರಿನಲ್ಲಿ ಇರಲಿಲ್ಲ, ಒಬ್ಬ ಮನುಷ್ಯನ ಹೆಸರಿನಲ್ಲಿತ್ತು. ಮಾಲು ಕೊಳ್ಳುವವನು ಮಾರುವವನ ಕೈಯಿಂದ ದುಡ್ಡು ಕೇಳುತ್ತಿದ್ದಾನೆ ಅನ್ನುವುದು ಆಗ ನನಗೆ ಪೂರ್ತಿ ಕಣ್ಣಿಗೆ ಬಿತ್ತು. ಮೊದಲ ದಿನವೇ ಇದನ್ನು ಕೇಳಿದ್ದರೆ, 2,40,000ದ ಗುಂಗಿನಲ್ಲಿ ಹಾಕಿಬಿಡುತ್ತಿದ್ದೆನೋ ಏನೋ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

"ಡಿಪಾಸಿಟ್ಟನ್ನ ನಮ್ಮ ಬಿಲ್ಲಿನಾಗ ಮುರಕೊಳ್ರಿ, ನಿಮ್ಮ ಮನಷ್ಯಾನ್ನ ಬ್ಯಾಡಗಿಗೆ ಕಳಸ್ರಿ, ಮಾಲು ನೋಡಿ ತೂಕ ಮಾಡ್ಸಿ ಒಯ್ಯಲಿ" ಅಂತ ಹಿಂದಿಯಲ್ಲಿ ಹೇಳಿದೆ. ಫೋನ್ ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ದುಡ್ಡು ಹೋಗಿರಲಿಲ್ಲ, ಹಾಗಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿಲ್ಲ. ಅದು ಹಣ ಕಳೆದುಕೊಂಡ ಕೂಡಲೇ ಮಾಡುವಂಥದ್ದು. ಮೋಸದ ಕರೆ, ಸಂದೇಶಗಳನ್ನು ಸರ್ಕಾರಕ್ಕೆ ತಿಳಿಸಲು ಇರುವ ಸಂಚಾರ್ ಸಾಥಿಯ 'ಚಕ್ಷು'ವಿನಲ್ಲಿ ಅವನ ನಂಬರನ್ನೂ ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟನ್ನೂ ಹಾಕಿದೆ.

ಮುಂದಿನ ವಾರ ಹತ್ತು ಚೀಲ ಇಳಿಸಿ ದಲಾಲಿ ಅಂಗಡಿಯಲ್ಲಿ ಟೆಂಡರಿಗೆ ಇಟ್ಟೆವು. ಒಬ್ಬ ಖರೀದಿದಾರ ಬಂದು ಮೊಣಕೈವರೆಗೆ ಚೀಲದೊಳಗೆ ಕೈ ಇಳಿಸಿದ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ, ಬೀಜ ಗಲಗಲ ಅಂದವು. ಪಟ್ಟಂತ ಮುರಿದು ಅಪ್ಪಾರ ಕಡೆ ನೋಡಿದ.

"ಸ್ಟೋರೇಜಿನ್ಯಾಗ ಇಟ್ಟು ಎಷ್ಟ ದಿನಾ ಆತ್ರಿ?"