ಸ್ಯಾಕ್ರೊಇಲಿಯಾಕ್ ಕೀಲಿನ ಎಮ್‌ಆರ್‌ಐ: ಮಜ್ಜೆಯ ಊತವನ್ನು ನಾನು ವರದಿ ಮಾಡುವ ಬಗೆ

ಚೀಟಿಯಲ್ಲಿ ಇದ್ದದ್ದು ಇಷ್ಟೇ: 26ರ ಯುವಕ, ತಿಂಗಳುಗಟ್ಟಲೆಯ ಸೊಂಟನೋವು, ಬೆಳಗಿನ ಜಾವ ನೋವಿಗೆ ಎಚ್ಚರ, ಓಡಾಡಿದರೆ ಹಗುರ, ಮಲಗಿದರೆ ಹೆಚ್ಚು. ಇದು ಸ್ಪಾಂಡಿಲೊಆರ್ಥ್ರೈಟಿಸ್, ಅಂದರೆ ಬೆನ್ನುಮೂಳೆ ಮತ್ತು ಅದರ ಬುಡದ ಕೀಲುಗಳ ಉರಿಯೂತ, ಇರಬಹುದೆಂಬ ಸುಳಿವು. ಇಂಥವರಿಗೆ ಬೆನ್ನುಮೂಳೆಯ ಮಾಮೂಲಿ ಸ್ಕ್ಯಾನ್ ಸಾಲದು, ಬೆನ್ನುಮೂಳೆಯ ಬುಡದ ಸೇಕ್ರಮ್ ಸೊಂಟದ ಇಲಿಯಮ್ ಮೂಳೆಯನ್ನು ಸೇರುವ ಸ್ಯಾಕ್ರೊಇಲಿಯಾಕ್ ಕೀಲನ್ನೇ ನೋಡಬೇಕು. ಸೇಕ್ರಮ್ ಮೂಳೆಯ ಉದ್ದಕ್ಕೆ ಸಮಾನಾಂತರವಾದ ಓರೆ ಕೊರೊನಲ್ ಚಿತ್ರಗಳನ್ನು ಟಿ1 ಮತ್ತು ಸ್ಟಿರ್ ಎಂಬ ಎರಡು ಬಗೆಯ ಎಮ್‌ಆರ್‌ಐ ಚಿತ್ರಣದಲ್ಲೂ ತೆಗೆಸಿದೆ. ಕಾಂಟ್ರಾಸ್ಟ್ ಕೊಡಲಿಲ್ಲ, ಈ ಪ್ರಶ್ನೆಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಸ್ಟಿರ್‌ನಲ್ಲಿ ಕೊಬ್ಬು ಕಪ್ಪಾಗಿ ನೀರಿನಂಶ ಬೆಳ್ಳಗೆ ಕಾಣುತ್ತದೆ. ಬೆಳ್ಳಗೆ ಅನ್ನುವುದು ಯಾವುದಕ್ಕೆ ಹೋಲಿಸಿ? ನಾನು ಸೇಕ್ರಮ್‌ನ ನರರಂಧ್ರಗಳ ನಡುವಿನ ಮಜ್ಜೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಸಂಕೇತ ಹಿಡಿಯುವ ಕಾಯಿಲ್‌ಗೆ ಹತ್ತಿರವಿರುವ ಭಾಗ ಸುಮ್ಮನೆ ಹೊಳೆಯುತ್ತದೆ, ಕೀಲಿನ ಪಕ್ಕದ ರಕ್ತನಾಳವೂ ಮೋಸ ಮಾಡುತ್ತದೆ.

ಈ ಯುವಕನ ಬಲ ಇಲಿಯಮ್‌ನ ಕೆಳ ಅರ್ಧದಲ್ಲಿ, ಕೀಲಿನ ಅಂಚಿಗೇ ತಾಗಿಕೊಂಡು, ಸುಮಾರು 1 ಸೆಂ.ಮೀ. ಆಳದ ಬಿಳಿ ಪಟ್ಟೆ ಒಂದರ ಹಿಂದೊಂದು ಮೂರು ಚಿತ್ರಗಳಲ್ಲಿ ಕಂಡಿತು. ಎಡ ಸೇಕ್ರಮ್‌ನಲ್ಲಿ ಚಿಕ್ಕದೊಂದು ಇತ್ತು. ಸ್ಪಾಂಡಿಲೊಆರ್ಥ್ರೈಟಿಸ್‌ನ ಅಂತರರಾಷ್ಟ್ರೀಯ ತಜ್ಞರ ಗುಂಪಾದ ಆಸಾಸ್ ಪ್ರಕಾರ ಊತ ಕೀಲಿನ ಮೃದ್ವಸ್ಥಿಯ ಕೆಳಗಿನ ಮೂಳೆಯಲ್ಲೇ ಸ್ಪಷ್ಟವಾಗಿರಬೇಕು. ಒಂದೇ ಜಾಗದಲ್ಲಿದ್ದರೆ ಕನಿಷ್ಠ ಎರಡು ಅನುಕ್ರಮ ಚಿತ್ರಗಳಲ್ಲಿ ಕಾಣಬೇಕು. ಇವನದು ಆ ಗೆರೆ ದಾಟಿತ್ತು. ಆದರೆ ದೂರ ಓಡುವವರಲ್ಲಿ, ಇತ್ತೀಚೆಗೆ ಹೆರಿಗೆಯಾದವರಲ್ಲಿ, ಯಾವ ಕಾಯಿಲೆಯೂ ಇಲ್ಲದ ಕೆಲವರಲ್ಲೂ ಅದು ದಾಟುತ್ತದೆ. ಹಾಗಾಗಿ ನನಗೆ ಗೆರೆ ದಾಟಿದ್ದಕ್ಕಿಂತ ಟಿ1 ಮುಖ್ಯ.

ಟಿ1ನಲ್ಲಿ ಅದೇ ಜಾಗ ಮಬ್ಬಾಗಿತ್ತು. ಜೊತೆಗೆ ಕೀಲಿನಂಚಿನ ಸಪೂರ ಕಪ್ಪು ಗೆರೆ ಎರಡು ಕಡೆ ಕಡಿದುಹೋಗಿತ್ತು. ಅದು ಸವೆತ, ಅಂದರೆ ಇರೋಷನ್. ಊತದ ಪಕ್ಕದಲ್ಲೇ ಸವೆತ ಸಿಕ್ಕಿದ ಮೇಲೆ ಬರೀ ಯಾಂತ್ರಿಕ ಒತ್ತಡ ಎನ್ನಲು ಕಷ್ಟ. ಊತ ಕೀಲು ದಾಟಿ ಪಕ್ಕದ ಸ್ನಾಯುಗಳಿಗೂ ಹರಡಿದ್ದರೆ ಸೋಂಕಿನ ಅನುಮಾನ ಬರುತ್ತಿತ್ತು. ಹಾಗೆ ಏನೂ ಇರಲಿಲ್ಲ.

ವರದಿಯಲ್ಲಿ 'ಊತವಿದೆ' ಎಂದಷ್ಟೇ ಬರೆದರೆ ಓದುವ ರುಮಟಾಲಜಿಸ್ಟ್‌ಗೆ ಏನೂ ಸಿಗದು. ನಾನು ಬರೆದದ್ದು: 'ಬಲ ಇಲಿಯಮ್‌ನ ಕೆಳಭಾಗದಲ್ಲಿ ಕೀಲಿಗೆ ತಾಗಿದ, ಸುಮಾರು 1 ಸೆಂ.ಮೀ. ಆಳದ, ಮೂರು ಅನುಕ್ರಮ ಚಿತ್ರಗಳಲ್ಲಿ ಕಾಣುವ ಮಜ್ಜೆಯ ಊತ. ಎಡ ಸೇಕ್ರಮ್‌ನಲ್ಲಿ ಚಿಕ್ಕ ಊತ. ಬಲಕ್ಕೆ ಅದೇ ಜಾಗದಲ್ಲಿ ಇರೋಷನ್. ಕೀಲು ಬೆಸೆದಿಲ್ಲ. ಸಕ್ರಿಯ ಸ್ಯಾಕ್ರೊಇಲಿಯೈಟಿಸ್, ಸ್ಪಾಂಡಿಲೊಆರ್ಥ್ರೈಟಿಸ್‌ಗೆ ಹೊಂದುವ ಚಿತ್ರ.'

ಟಿ1 ಅಂಚು ಶುದ್ಧವಾಗಿದ್ದು, ಊತ ತೆಳುವಾಗಿ ಕೀಲಿನ ಮುಂಭಾಗದಲ್ಲಷ್ಟೇ ಇದ್ದಿದ್ದರೆ ಕೊನೆಯ ವಾಕ್ಯ ಬೇರೆ ಇರುತ್ತಿತ್ತು: 'ನಿರ್ದಿಷ್ಟವಲ್ಲದ ಊತ, ಯಾಂತ್ರಿಕ ಕಾರಣ ಸಾಧ್ಯ, ರೋಗಲಕ್ಷಣ ಮತ್ತು ರಕ್ತಪರೀಕ್ಷೆಯೊಂದಿಗೆ ತಾಳೆ ನೋಡಿ.'