ಕಚೇರಿಯ ಬಾಡಿಗೆ ಕರಾರು ನವೀಕರಣಕ್ಕೆ ಮಾಲೀಕರಿಗೆ ನಾನು ಬರೆದ ಈಮೇಲ್

ಮೈಸೂರಿನ ಸರಸ್ವತಿಪುರದಲ್ಲಿ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಪುಟವಿನ್ಯಾಸದ ಕಚೇರಿ ಇದೆ. ಅಲ್ಲಿ ನಾಲ್ಕು ಜನ ಕೆಲಸ ಮಾಡುತ್ತೇವೆ, ಜಾಗ 640 ಚದರಡಿ, ನಮ್ಮ ನೆತ್ತಿಯ ಮೇಲೆ ತಾರಸಿ. ಮೂರು ವರ್ಷದ ಕರಾರು 2025ರ ಮೇ 31ಕ್ಕೆ ಮುಗಿಯುವುದರಲ್ಲಿತ್ತು. ಬಾಡಿಗೆ ಆಗ 19,000 ರೂಪಾಯಿ. ಸಂಕ್ರಾಂತಿಯ ಹೊತ್ತಿಗೇ ಮಾಲೀಕರು ಮೆಟ್ಟಿಲ ಬಳಿ ಸಿಕ್ಕಾಗ, 'ಮುಂದಿನ ಸಲ ಇಪ್ಪತ್ತನಾಲ್ಕು ಮಾಡೋಣ' ಎಂದು ಹೇಳಿ ಹೋಗಿದ್ದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು, ಮಾತಿನಲ್ಲಿ ಮೃದು. ಬಾಯಿಮಾತಿಗೆ ಬಾಯಿಮಾತಿನಲ್ಲೇ ಉತ್ತರ ಕೊಡುತ್ತ ಹೋದರೆ ಮೇ ತಿಂಗಳ ಕೊನೆಯವರೆಗೂ ಏನೂ ಇತ್ಯರ್ಥವಾಗುವುದಿಲ್ಲ ಎನಿಸಿ, ಫೆಬ್ರವರಿ 20ರಂದು ಅವರಿಗೆ ಈಮೇಲ್ ಬರೆದೆ.

ಆ ದಿನಾಂಕಕ್ಕೆ ಕಾರಣವಿತ್ತು. ನಮ್ಮ ಹಳೆಯ ಕರಾರಿನಲ್ಲಿ ಖಾಲಿ ಮಾಡಲು ಮೂರು ತಿಂಗಳ ಮುನ್ಸೂಚನೆ ಕೊಡಬೇಕೆಂಬ ಷರತ್ತಿತ್ತು. ಮಾತುಕತೆ ಮುರಿದರೆ ಬೇರೆ ಜಾಗ ನೋಡಿಕೊಳ್ಳಲು ಕೈಯಲ್ಲಿ ಮೂರು ತಿಂಗಳಾದರೂ ಉಳಿಯಬೇಕು, ಅವರಿಗೂ ಹೊಸ ಬಾಡಿಗೆದಾರರನ್ನು ಹುಡುಕಲು ಅಷ್ಟೇ ಸಮಯ ಸಿಗಬೇಕು.

ಮೊದಲ ಕರಡನ್ನು ಪರಿಚಯದ ವಕೀಲರೊಬ್ಬರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಓದಿ ನೋಡಿದರೆ ನೋಟೀಸಿನಂತೆ ಕಂಡಿತು. ಅದನ್ನು ಬದಿಗಿಟ್ಟು ಕನ್ನಡದಲ್ಲೇ ಬರೆದು, ಕರಾರಿನ ಕೆಲಸವನ್ನು ನೋಡಿಕೊಳ್ಳುವ ಅವರ ಮಗನಿಗೂ ಒಂದು ಪ್ರತಿ ಕಳಿಸಿದೆ.

ಬರೆಯುವ ಮೊದಲು ಎರಡು ದಿನ ಸುತ್ತಮುತ್ತ ಓಡಾಡಿ ಬಾಡಿಗೆ ವಿಚಾರಿಸಿದ್ದೆ. ಮಾಲೀಕರ ಮನಸ್ಸಿನಲ್ಲಿದ್ದದ್ದು ಪಕ್ಕದ ಕಟ್ಟಡದ ನೆಲಮಹಡಿಯ ಅಂಗಡಿ. ಅದು 500 ಚದರಡಿಗೆ 20,000 ರೂಪಾಯಿ, ಅಂದರೆ ಚದರಡಿಗೆ 40. ಆದರೆ ರಸ್ತೆಗೆ ಬಾಗಿಲಿರುವ ಅಂಗಡಿಯನ್ನು ಎರಡು ಮಹಡಿ ಹತ್ತಿ ಬರಬೇಕಾದ ಕಚೇರಿಯೊಂದಿಗೆ ಹೋಲಿಸುವುದು ಸರಿಯಲ್ಲ. ಅದೇ ಬೀದಿಯಲ್ಲಿ ಲಿಫ್ಟ್ ಇರುವ ಕಟ್ಟಡದ ಮೊದಲ ಮಹಡಿಗೆ ಚದರಡಿಗೆ 35, ನಮ್ಮಂತೆಯೇ ಲಿಫ್ಟ್ ಇಲ್ಲದ ಎರಡನೇ ಮಹಡಿಗೆ 31 ಇತ್ತು. ನಾವು ಕೊಡುತ್ತಿದ್ದದ್ದು 30ಕ್ಕೂ ಸ್ವಲ್ಪ ಕಡಿಮೆ, ಅವರು ಕೇಳಿದ್ದು ಮೂವತ್ತೇಳೂವರೆ. ನಾನು 21,000 ರೂಪಾಯಿ, ಅಂದರೆ ಸುಮಾರು 33ರ ದರ ಹೇಳಲು ನಿರ್ಧರಿಸಿದೆ. ಹಳೆಯ ಬಾಡಿಗೆಯಲ್ಲೇ ಮುಂದುವರಿಸಿ ಎಂದು ಕೇಳಿದ್ದರೆ ಅವರು ಈಮೇಲನ್ನು ಅಲ್ಲಿಗೇ ಮುಚ್ಚಿಡುತ್ತಿದ್ದರು.

ವರ್ಷಕ್ಕೆ ಶೇಕಡಾ 5ರಂತೆ ಏರಿಸಿದರೆ ಎರಡನೇ ವರ್ಷ 22,050, ಮೂರನೇ ವರ್ಷ 23,150 ಆಗುತ್ತದೆ. ಮೂರು ವರ್ಷಕ್ಕೆ ಒಟ್ಟು 7,94,400. ಅವರು ಕೇಳಿದಂತೆ ಮೊದಲ ತಿಂಗಳಿನಿಂದಲೇ 24,000 ಕೊಟ್ಟರೆ 8,64,000. ಅಂತರ ದೊಡ್ಡದೇ. ಆದರೆ ನಾವು ಬಿಟ್ಟು ಹೋಗಿ, ಜಾಗ ಮೂರು ತಿಂಗಳು ಖಾಲಿ ಬಿದ್ದು, ಆಮೇಲೆ 24,000ಕ್ಕೇ ಹೋದರೂ ಮೂವತ್ತಮೂರು ತಿಂಗಳಿಗೆ ಅವರಿಗೆ ಬರುವುದು 7,92,000. ಈ ಲೆಕ್ಕವನ್ನು ನಾನು ಈಮೇಲಿನಲ್ಲಿ ಬರೆಯಲಿಲ್ಲ. ಬರೆದರೆ ಬೆದರಿಕೆಯಂತೆ ಓದಿಕೊಳ್ಳುತ್ತದೆ, ಬ್ಯಾಂಕಿನಲ್ಲಿದ್ದವರು ಅದನ್ನು ತಾವೇ ಹಾಕಿಕೊಳ್ಳುತ್ತಾರೆ. ಮೂರೂ ವರ್ಷದ ಬಾಡಿಗೆಯನ್ನು ರೂಪಾಯಿಯಲ್ಲೇ ಬರೆದುಕೊಟ್ಟೆ, ಏಕೆಂದರೆ 'ವರ್ಷಕ್ಕೆ ಶೇಕಡಾ 5' ಎಂದಷ್ಟೇ ಇದ್ದರೆ ಅದು ಮೂಲ ಬಾಡಿಗೆಯ ಮೇಲೋ ಏರಿದ ಬಾಡಿಗೆಯ ಮೇಲೋ ಎಂಬ ಜಗಳ ಮೂರನೇ ವರ್ಷಕ್ಕೆ ಕಾದಿರುತ್ತದೆ.

ನಿಜವಾದ ತೊಡಕು ರಿಪೇರಿಯದು. ಹಳೆಯ ಕರಾರಿನಲ್ಲಿ 'ಸಣ್ಣಪುಟ್ಟ ರಿಪೇರಿಗಳು ಬಾಡಿಗೆದಾರರಿಗೆ, ದೊಡ್ಡ ರಿಪೇರಿಗಳು ಮಾಲೀಕರಿಗೆ ಸೇರಿದ್ದು' ಎಂಬ ಒಂದೇ ಸಾಲಿತ್ತು. ಯಾವುದು ಸಣ್ಣದು ಎಂದು ಹೇಳುವವರು ಯಾರು? ಹಿಂದಿನ ವರ್ಷ ಆಗಸ್ಟಿನಲ್ಲಿ ತಾರಸಿಯ ಪ್ಯಾರಾಪೆಟ್ ಗೋಡೆ ಮತ್ತು ಸ್ಲ್ಯಾಬು ಸೇರುವ ಸಂದಿನಿಂದ ನೀರು ಇಳಿದು, ಮೇನ್ ಬೋರ್ಡಿನ ಗೋಡೆಯ ಮೇಲೆ ಒಂದು ಅಡಿ ಅಗಲದ ಕಂದು ಕಲೆ ಮೂಡಿತ್ತು. ತಾರಸಿಯ ಮೂಲೆಯ ಮಳೆನೀರಿನ ಕೊಳವೆಗೆ ಎಲೆ ಕಟ್ಟಿಕೊಂಡು ನೀರು ನಿಂತದ್ದರಿಂದ ಹೀಗಾಯಿತು, ಎಲೆ ತೆಗೆಯುವುದು ಸಣ್ಣ ಕೆಲಸ, ಆದ್ದರಿಂದ ಅದು ನಿಮ್ಮದೇ ಎಂದು ಮಾಲೀಕರು ವಾದಿಸಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆದರೆ ತಾರಸಿಯ ಬೀಗದ ಕೈ ಇದ್ದದ್ದು ಅವರ ಮನೆಯಲ್ಲಿ.

ಆದ್ದರಿಂದ ಸಣ್ಣದು ದೊಡ್ಡದು ಎಂಬ ಅಳತೆಯನ್ನೇ ಕೈಬಿಟ್ಟು, ದೋಷ ಇರುವ ಜಾಗದ ಮೇಲೆ ಹೊಣೆಯನ್ನು ಹಂಚಿದೆ. ಈಮೇಲಿನ ಆ ಭಾಗ ಹೀಗಿತ್ತು:

"ವಿಷಯ: ಎರಡನೇ ಮಹಡಿಯ ಕಚೇರಿಯ ಬಾಡಿಗೆ ಕರಾರಿನ ನವೀಕರಣ – 01-06-2025ರಿಂದ ಮೂರು ವರ್ಷಗಳಿಗೆ ಪ್ರಸ್ತಾವನೆ

ಮಾನ್ಯರೇ, ನಮಸ್ಕಾರಗಳು.

ಗೋಡೆ, ಸ್ಲ್ಯಾಬು, ತಾರಸಿ, ಗೋಡೆಯೊಳಗೆ ಹುದುಗಿರುವ ಕೊಳವೆ ಮತ್ತು ವೈರಿಂಗ್, ಸಂಪು, ಮೇಲಿನ ತೊಟ್ಟಿ ಹಾಗೂ ಮೋಟರ್, ಇವುಗಳ ರಿಪೇರಿಯನ್ನು ತಾವು ನೋಡಿಕೊಳ್ಳಬೇಕೆಂದು ಕೋರುತ್ತೇವೆ. ಕಚೇರಿಯ ಒಳಗೆ ಕೈಗೆ ಸಿಗುವ ನಲ್ಲಿ, ಫ್ಲಶ್ ಟ್ಯಾಂಕು, ಸ್ವಿಚ್ಚು, ಬಲ್ಬು, ಫ್ಯಾನು, ಬಾಗಿಲಿನ ಬೀಗ ಮತ್ತು ನಮ್ಮ ಬಳಕೆಯಿಂದ ಆಗುವ ಯಾವುದೇ ಹಾನಿಯನ್ನು ನಮ್ಮ ಖರ್ಚಿನಲ್ಲೇ ಸರಿಪಡಿಸುತ್ತೇವೆ. ತಮ್ಮ ಪಾಲಿನ ಕೆಲಸವಾಗಿದ್ದರೂ ಒಂದು ಸಲದ ಖರ್ಚು 3,000 ರೂಪಾಯಿಗಳ ಒಳಗಿದ್ದರೆ ತಮಗೆ ತೊಂದರೆ ಕೊಡದೆ ನಾವೇ ಮಾಡಿಸಿಕೊಳ್ಳುತ್ತೇವೆ. ಅದನ್ನು ಮೀರಿದಲ್ಲಿ ಲಿಖಿತವಾಗಿ ತಿಳಿಸುತ್ತೇವೆ. ಏಳು ದಿನಗಳಲ್ಲಿ, ನೀರು ಅಥವಾ ವಿದ್ಯುತ್ತಿನ ಅಪಾಯವಿದ್ದಲ್ಲಿ ಎರಡು ದಿನಗಳಲ್ಲಿ, ಕೆಲಸ ಆರಂಭವಾಗದಿದ್ದರೆ ನಾವು ಮಾಡಿಸಿ, ಬಿಲ್ಲಿನ ಪ್ರತಿಯೊಂದಿಗೆ ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳಲು ಅನುಮತಿ ನೀಡಬೇಕು.

ತಾರಸಿಯ ಬೀಗದ ಕೈಯ ಒಂದು ನಕಲನ್ನು ನಮಗೆ ಕೊಟ್ಟಲ್ಲಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರಿನ ಕೊಳವೆಯ ಬಾಯನ್ನು ನಾವೇ ಸ್ವಚ್ಛಗೊಳಿಸುತ್ತೇವೆ."

ರಿಪೇರಿಯ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಮಾತು ಬಾಡಿಗೆದಾರರ ದರ್ಪವೇನಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 108ನೇ ಸೆಕ್ಷನ್ನಿನಲ್ಲೇ, ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸೂಕ್ತ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದೆಂದು ಇದೆ. ಆದರೆ ಮಾಲೀಕರು ಯಾವುದನ್ನು ಮಾಡಬೇಕು ಎಂಬುದು ಕರಾರಿನಲ್ಲಿ ಸ್ಪಷ್ಟವಿಲ್ಲದಿದ್ದರೆ ಆ ಸೆಕ್ಷನ್ನನ್ನು ಹಿಡಿದುಕೊಂಡು ಹೆಚ್ಚು ದೂರ ಹೋಗಲಾಗದು. ಪಟ್ಟಿ ಬೇಕಾದದ್ದು ಅದಕ್ಕೇ. ಸೆಕ್ಷನ್ನಿನ ಹೆಸರನ್ನು ಈಮೇಲಿನಲ್ಲಿ ನಾನು ಎತ್ತಲಿಲ್ಲ.

ತಾರಸಿಯ ಕೆಲಸಕ್ಕೆ ಮೇಸ್ತ್ರಿಯೊಬ್ಬರಿಂದ ಅಂದಾಜು ಬರೆಸಿಕೊಂಡಿದ್ದೆ. ಸಂದಿನ ಹಳೆಯ ಗಾರೆಯನ್ನು ಒಡೆದು ತೆಗೆದು, ಮೂಲೆಗೆ ಗುಂಡಾಗಿ ಹೊಸ ಗಾರೆ ಕೊಟ್ಟು, ಒಣಗಿದ ಮೇಲೆ ಎರಡು ಕೋಟು ವಾಟರ್‌ಪ್ರೂಫಿಂಗ್ ಬಳಿದು, ಕೊನೆಗೆ ಒಂದು ದಿನ ನೀರು ಕಟ್ಟಿ ನಿಲ್ಲಿಸಿ ಕೆಳಗಡೆ ತೇವ ಬರುತ್ತದೆಯೇ ಎಂದು ನೋಡುವುದಕ್ಕೆ ಒಟ್ಟು 38,000 ರೂಪಾಯಿ. ಸ್ಲ್ಯಾಬು ಒಣಗಿರುವಾಗಲೇ ಮಾಡಬೇಕಾದ ಕೆಲಸವಾದ್ದರಿಂದ ಏಪ್ರಿಲ್ ಮಧ್ಯದೊಳಗೆ ಮುಗಿಯಬೇಕಿತ್ತು. ಅಂದಾಜನ್ನೂ ತಾರೀಖು ಸಮೇತ ಕಲೆಯ ಮೂರು ಫೋಟೋಗಳನ್ನೂ ಲಗತ್ತಿಸಿ, ಈ ಕೆಲಸ ಮುಗಿಯುವವರೆಗೆ ಹಳೆಯ ಬಾಡಿಗೆಯೇ ಮುಂದುವರಿಯಲಿ ಎಂದು ಬರೆದೆ.

ಈ ಕೊನೆಯ ವಾಕ್ಯ ಅವರಿಗೆ ಹಿಡಿಸಲಿಲ್ಲ. ನಾಲ್ಕು ದಿನದ ಮೇಲೆ ಫೋನು ಮಾಡಿ, 'ಷರತ್ತು ಹಾಕಿ ಬಾಡಿಗೆ ಕೊಡ್ತೀರೇನ್ರೀ? ಅದಿರಲಿ, ಅಡ್ವಾನ್ಸ್ ಬಗ್ಗೆ ಒಂದು ಮಾತೂ ಇಲ್ವಲ್ಲ' ಎಂದರು. ಎರಡೂ ನನ್ನ ತಪ್ಪೇ. ಅಡ್ವಾನ್ಸಿನ ವಿಷಯವನ್ನು ನಾನು ಪೂರ್ತಿ ಮರೆತಿದ್ದೆ. ನಮ್ಮದು 1,50,000 ಅವರ ಬಳಿ ಇತ್ತು. ಹೊಸ ಬಾಡಿಗೆಯ ಹತ್ತು ತಿಂಗಳ ಮೊತ್ತ ಬೇಕೆಂದು ಅವರು ಹಿಡಿದರೆ ಇನ್ನೂ 60,000 ಒಟ್ಟಿಗೆ ಹೊಂದಿಸಬೇಕಿತ್ತು. ನಾವೇ ಮೊದಲು ಪ್ರಸ್ತಾಪಿಸಿದ್ದರೆ ಅಂಕಿ ನಮ್ಮದಿರುತ್ತಿತ್ತು.

ಮಾತಾಡುತ್ತ ಹೋದಂತೆ ಅವರ ಅಡಚಣೆ ರಿಪೇರಿಯ ಹೊಣೆಯಲ್ಲ, 38,000ವನ್ನು ಒಂದೇ ಸಲ ಕೈಯಿಂದ ಹಾಕುವುದು ಎಂಬುದು ತಿಳಿಯಿತು. ಅಂದೇ ಸಂಜೆ ಎರಡನೆಯ ಈಮೇಲ್ ಬರೆದೆ. ಷರತ್ತನ್ನು ಹಿಂತೆಗೆದುಕೊಂಡು, ಮೇಸ್ತ್ರಿಗೆ ನಾವೇ ಹಣ ಕೊಡುತ್ತೇವೆ, ಜೂನಿನಿಂದ ಎಂಟು ತಿಂಗಳು ತಿಂಗಳಿಗೆ 4,750ರಂತೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ, ಬಾಡಿಗೆಯನ್ನು 21,500ಕ್ಕೆ ಏರಿಸುತ್ತೇವೆ, ಅಡ್ವಾನ್ಸಿಗೆ 30,000 ಸೇರಿಸುತ್ತೇವೆ ಎಂದು ತಿಳಿಸಿದೆ. ಮಾಲೀಕರು ಜಿಎಸ್‌ಟಿ ನೋಂದಣಿ ಇಲ್ಲದವರು, ನಾವು ಇರುವವರು. ಅಂಥ ಬಾಡಿಗೆಯ ಮೇಲಿನ ಶೇಕಡಾ 18ರ ತೆರಿಗೆಯನ್ನು 2024ರ ಅಕ್ಟೋಬರ್ 10ರಿಂದ ಬಾಡಿಗೆದಾರರೇ ರಿವರ್ಸ್ ಚಾರ್ಜಿನಲ್ಲಿ ಕಟ್ಟಬೇಕಾದ್ದರಿಂದ, 21,500ರಲ್ಲಿ ಈ ತೆರಿಗೆಗೆಂದು ತಮಗೆ ಒಂದು ರೂಪಾಯಿಯೂ ಕಡಿತವಾಗದು ಎಂಬ ಸಾಲನ್ನೂ ಸೇರಿಸಿದೆ. ಮಗ ಕೇಳಿದ್ದ ಒಂದೇ ಪ್ರಶ್ನೆ ಅದಾಗಿತ್ತು. ಎರಡು ಈಮೇಲುಗಳ ಕೊನೆಯಲ್ಲೂ ಇದು ಪ್ರಸ್ತಾವನೆ ಮಾತ್ರ, ಇಬ್ಬರ ಸಹಿಯಾದ ಕರಾರೇ ಅಂತಿಮ ಎಂದು ಬರೆದಿದ್ದೆ.

ಮಾಲೀಕರು ಒಪ್ಪಿದರು. ಹನ್ನೊಂದು ತಿಂಗಳ ಕರಾರು ಸಾಕಲ್ಲವೇ, ನೋಂದಣಿಯ ಖರ್ಚೇಕೆ ಎಂದು ಮಾತ್ರ ಕೇಳಿದರು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಮೂರು ವರ್ಷದ ಏರಿಕೆಯನ್ನು ಮುಂಗಡವಾಗಿ ಒಪ್ಪಿಕೊಂಡು ಹನ್ನೊಂದು ತಿಂಗಳ ಕಾಗದ ಮಾಡಿಕೊಂಡರೆ ಆ ಏರಿಕೆಗೆ ಆಧಾರವೇ ಉಳಿಯುವುದಿಲ್ಲ ಎಂದು ವಿವರಿಸಿದಾಗ, ಖರ್ಚನ್ನು ಅರ್ಧರ್ಧ ಹಂಚಿಕೊಳ್ಳಲು ಒಪ್ಪಿದರು. ಏಪ್ರಿಲಿನಲ್ಲಿ ತಾರಸಿಯ ಕೆಲಸ ಮುಗಿಯಿತು. ಮೇ ತಿಂಗಳಲ್ಲಿ ನೋಂದಣಿಯೂ ಆಯಿತು.

ಕಲೆಯಿದ್ದ ಗೋಡೆ ಆ ಮಳೆಗಾಲದಲ್ಲಿ ಒಣಗಿಯೇ ಇತ್ತು. ತೊಡಕು ಬಂದದ್ದು ಬೇರೆ ಕಡೆಯಿಂದ. ಅಕ್ಟೋಬರಿನಲ್ಲಿ ಸಂಪಿನ ಮೋಟರ್ ಕೆಟ್ಟು ರಿಪೇರಿಗೆ 3,200 ರೂಪಾಯಿ ಆಯಿತು. ಮಿತಿ 3,000 ಆದ್ದರಿಂದ ಪೂರ್ತಿ ಬಿಲ್ಲು ಮಾಲೀಕರದು ಎಂದು ನಾನು, ಮಿತಿ ಮೀರಿದ 200 ಮಾತ್ರ ತಮ್ಮದು ಎಂದು ಅವರು. ನಾನು ಬರೆದ ವಾಕ್ಯವನ್ನು ಮತ್ತೆ ಓದಿದೆ. ಅದಕ್ಕೆ ಎರಡೂ ಅರ್ಥ ಬರುತ್ತಿತ್ತು. ಆ ಸಲ ಬಿಲ್ಲನ್ನು ಸಮಪಾಲು ಮಾಡಿಕೊಂಡು, 'ಒಂದು ಸಲದ ಒಟ್ಟು ಬಿಲ್ಲು, ಕೂಲಿಯೂ ಸೇರಿ, 3,000 ಮೀರಿದರೆ ಆ ಪೂರ್ತಿ ಬಿಲ್ಲು ಮಾಲೀಕರದು' ಎಂಬ ಒಂದು ಸಾಲಿನ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಕರಾರಿನ ಪ್ರತಿಗೆ ಪಿನ್ನು ಮಾಡಿ ಇಟ್ಟುಕೊಂಡಿದ್ದೇವೆ.